ಸ್ಲ್ಯಾಶ್ ಹದಿನಾರು ಅಂದರೆ ಎಷ್ಟು ಜಾಗ?

ಅಮೆಜಾನ್‌ನ ಕ್ಲೌಡ್‌ನಲ್ಲಿ ಹೊಸದಾಗಿ ಒಂದು ವರ್ಚುವಲ್ ನೆಟ್‌ವರ್ಕ್ ಕಟ್ಟಲು ಹೊರಟರೆ ಪರದೆಯ ಮೇಲೆ ಶುರುವಿನಲ್ಲೇ `IPv4 CIDR block` ಎಂಬ ಪ್ರಶ್ನೆ ಎದುರಾಗುತ್ತದೆ. ಅದರ ಕೆಳಗಿನ ಚೌಕದಲ್ಲಿ `10.0.0.0/16` ಎಂದು ಮೊದಲೇ ತುಂಬಿರುತ್ತದೆ. ಬಹಳ ಜನ ಅದನ್ನು ಹಾಗೆಯೇ ಬಿಟ್ಟು ಮುಂದಿನ ಬಟನ್ ಒತ್ತುತ್ತಾರೆ. ನೆಟ್‌ವರ್ಕ್ ಸಿದ್ಧವಾಗುತ್ತದೆ, ಸರ್ವರ್‌ಗಳು ಓಡಲು ಶುರುವಾಗುತ್ತವೆ, ಯಾವ ತೊಂದರೆಯೂ ಕಾಣುವುದಿಲ್ಲ.

ತೊಂದರೆ ಬರುವುದು ಒಂದೆರಡು ವರ್ಷ ಕಳೆದ ಮೇಲೆ. ಕಂಪನಿಯ ಇನ್ನೊಂದು ತಂಡ ತನ್ನದೇ ನೆಟ್‌ವರ್ಕ್ ಕಟ್ಟಿಕೊಂಡಿರುತ್ತದೆ, ಎರಡನ್ನೂ ಜೋಡಿಸಿಕೊಡಿ ಎಂಬ ಬೇಡಿಕೆ ಬರುತ್ತದೆ. ಆ ತಂಡವೂ ಅದೇ ಚೌಕವನ್ನು ಹಾಗೆಯೇ ಬಿಟ್ಟಿದ್ದರಿಂದ ಅಲ್ಲೂ `10.0.0.0/16`. ಪಿಯರಿಂಗ್‌ಗೆ ಕೋರಿಕೆ ಕಳಿಸಿದರೆ ಅದರ ಸ್ಥಿತಿ `failed` ಎಂದು ಬರುತ್ತದೆ. ಎರಡೂ ಕಡೆ 10.0.3.7 ಎಂಬ ವಿಳಾಸ ಇರಬಹುದಾದಾಗ, ಆ ವಿಳಾಸಕ್ಕೆ ಹೊರಟ ಪ್ಯಾಕೆಟ್ ಯಾವ ಕಡೆಗೆ ಹೋಗಬೇಕು ಎಂಬುದನ್ನು ತೀರ್ಮಾನಿಸಲು ದಾರಿಯೇ ಇಲ್ಲ. ಒಮ್ಮೆ ಕೊಟ್ಟ ಮೂಲ ವ್ಯಾಪ್ತಿಯನ್ನು ಅಮೆಜಾನ್‌ನಲ್ಲಿ ಹಿಗ್ಗಿಸಲೂ ಆಗದು, ಕುಗ್ಗಿಸಲೂ ಆಗದು. ಪಕ್ಕದಲ್ಲಿ ಹೊಸ ವ್ಯಾಪ್ತಿಗಳನ್ನು ಸೇರಿಸಬಹುದು, ಆದರೆ ಹಳೆಯದು ಇದ್ದಲ್ಲೇ ಇರುತ್ತದೆ. ಕೊನೆಗೆ ಎರಡರಲ್ಲಿ ಒಂದು ಕಡೆಯ ಸರ್ವರ್, ಡೇಟಾಬೇಸ್ ಎಲ್ಲವನ್ನೂ ಬೇರೆ ನೆಟ್‌ವರ್ಕ್‌ಗೆ ಸಾಗಿಸಬೇಕಾಗುತ್ತದೆ, ಇಲ್ಲವೇ ನಡುವೆ ವಿಳಾಸ ಬದಲಿಸಿಕೊಡುವ ವ್ಯವಸ್ಥೆಯನ್ನು ಕೂರಿಸಿ ಅದನ್ನು ಸದಾ ನೋಡಿಕೊಳ್ಳುತ್ತಿರಬೇಕಾಗುತ್ತದೆ. ಮೊದಲ ದಿನ ಕಾಗದದ ಮೇಲೆ ಅರ್ಧ ಗಂಟೆ ಲೆಕ್ಕ ಹಾಕಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಆ ಲೆಕ್ಕಕ್ಕೆ ಬೇಕಾದ ಗಣಿತ ಪ್ರೌಢಶಾಲೆಯ ಮಟ್ಟದ್ದು.

ಐಪಿ ವಿಳಾಸ ಎಂದರೆ 32 ಬಿಟ್‌ಗಳ ಒಂದು ಸಂಖ್ಯೆ. ಮೂವತ್ತೆರಡು ಸೊನ್ನೆ-ಒಂದುಗಳನ್ನು ಸಾಲಾಗಿ ಓದುವುದು ಕಷ್ಟ. ಅದಕ್ಕಾಗಿ ಎಂಟೆಂಟು ಬಿಟ್‌ಗಳ ನಾಲ್ಕು ಭಾಗ ಮಾಡಿ, ಒಂದೊಂದು ಭಾಗವನ್ನೂ 0ರಿಂದ 255ರವರೆಗಿನ ಅಂಕಿಯಾಗಿ ಬರೆದು ನಡುವೆ ಚುಕ್ಕಿ ಇಡುತ್ತಾರೆ. ಸ್ಲ್ಯಾಶ್ ಆದ ಮೇಲೆ ಬರುವ ಅಂಕಿ ಎಡಗಡೆಯಿಂದ ಎಷ್ಟು ಬಿಟ್ ಬದಲಾಗುವುದಿಲ್ಲ ಎಂಬುದನ್ನು ಹೇಳುತ್ತದೆ. `10.20.0.0/16` ಎಂದರೆ ಮೊದಲ 16 ಬಿಟ್, ಅಂದರೆ 10 ಮತ್ತು 20, ಸ್ಥಿರ. ಉಳಿದ 16 ಬಿಟ್ ಏನು ಬೇಕಾದರೂ ಆಗಬಹುದು. ಎರಡರ ಹದಿನಾರನೆಯ ಘಾತ 65,536, ಅಲ್ಲಿಗೆ ಅಷ್ಟು ವಿಳಾಸಗಳು. `/24` ಎಂದರೆ ಉಳಿಯುವುದು ಎಂಟೇ ಬಿಟ್, 256 ವಿಳಾಸ. ಸ್ಲ್ಯಾಶ್‌ನ ಅಂಕಿ ಒಂದು ಹೆಚ್ಚಾದರೆ ಜಾಗ ಅರ್ಧವಾಗುತ್ತದೆ, ಒಂದು ಕಡಿಮೆಯಾದರೆ ಎರಡರಷ್ಟಾಗುತ್ತದೆ. ಹೊಸಬರು ಗೊಂದಲ ಮಾಡಿಕೊಳ್ಳುವುದು ಇಲ್ಲೇ: ಅಂಕಿ ದೊಡ್ಡದಾದಷ್ಟೂ ಜಾಗ ಸಣ್ಣದು.

ಹೀಗೆ ಬರೆಯುವ ಪದ್ಧತಿಗೆ ಸಿಐಡಿಆರ್ ಎಂದು ಹೆಸರು, ಈ ಕೆಲಸ ಮಾಡುವವರ ಬಾಯಲ್ಲಿ ಅದು ಸೈಡರ್. 1993ರಲ್ಲಿ ಇದು ಬರುವ ಮುಂಚೆ ಇಂಟರ್ನೆಟ್ ವಿಳಾಸಗಳು ಮುಖ್ಯವಾಗಿ ಮೂರು ಗಾತ್ರದಲ್ಲಿ ಸಿಗುತ್ತಿದ್ದವು. ಎ ವರ್ಗದಲ್ಲಿ ಒಂದೂಮುಕ್ಕಾಲು ಕೋಟಿಗೆ ಹತ್ತಿರ, ಬಿ ವರ್ಗದಲ್ಲಿ 65,536, ಸಿ ವರ್ಗದಲ್ಲಿ 256. ಎರಡು ಸಾವಿರ ಕಂಪ್ಯೂಟರ್ ಇರುವ ವಿಶ್ವವಿದ್ಯಾಲಯಕ್ಕೆ ಸಿ ಸಾಲದು, ಬಿ ಕೊಟ್ಟರೆ ಅರವತ್ತಮೂರು ಸಾವಿರಕ್ಕೂ ಹೆಚ್ಚು ವಿಳಾಸ ವ್ಯರ್ಥ. ಬಿ ವರ್ಗ ಮುಗಿಯುತ್ತ ಬಂತು. ಹಾಗೆಂದು ಸಿ ವರ್ಗದ ತುಂಡುಗಳನ್ನೇ ಹತ್ತಾರು ಕೊಡೋಣವೆಂದರೆ, ಒಂದೊಂದು ತುಂಡಿಗೂ ಜಗತ್ತಿನ ದೊಡ್ಡ ರೌಟರ್‌ಗಳಲ್ಲಿ ಒಂದೊಂದು ಸಾಲು ಬೇಕಾಗಿ ಅವುಗಳ ಪಟ್ಟಿ ಉದ್ದವಾಗುತ್ತ ಹೋಯಿತು. ಗಾತ್ರವನ್ನು ವರ್ಗದಿಂದ ಬಿಡಿಸಿ ವಿಳಾಸದ ಜೊತೆಗೇ ಒಂದು ಅಂಕಿಯಾಗಿ ಬರೆದದ್ದು ಎರಡಕ್ಕೂ ಪರಿಹಾರವಾಯಿತು. ಎರಡು ಸಾವಿರದವರಿಗೆ `/21` ಕೊಟ್ಟರೆ 2,048 ವಿಳಾಸ, ರೌಟರ್‌ನಲ್ಲಿ ಒಂದೇ ಸಾಲು.

ಆದರೆ ಈ ಪದ್ಧತಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ, ಯೋಜನೆಯೆಲ್ಲ ನಿಂತಿರುವುದು ಅದರ ಮೇಲೆ. ಒಂದು ಉದ್ದನೆಯ ಕಾಗದದ ಪಟ್ಟಿಯನ್ನು ನಡುವಿಗೆ ಮಡಿಸಿ, ಮತ್ತೆ ನಡುವಿಗೆ, ಮತ್ತೆ ನಡುವಿಗೆ ಮಡಿಸಿ ಬಿಚ್ಚಿದರೆ ಎಂಟು ಭಾಗ ಕಾಣುತ್ತವೆ. ಕತ್ತರಿಸುವುದಿದ್ದರೆ ಆ ಮಡಿಕೆಗಳ ಮೇಲೇ ಕತ್ತರಿಸಬೇಕು, ಅರ್ಧದ ತುಂಡು ಮೊದಲ ಮಡಿಕೆಯನ್ನು ದಾಟುವಂತಿಲ್ಲ. ವಿಳಾಸದ ವ್ಯಾಪ್ತಿಯೂ ಹೀಗೆಯೇ. ಒಂದು ತುಂಡು ಅದರ ಗಾತ್ರದ ಗುಣಕದಿಂದಲೇ ಆರಂಭವಾಗಬೇಕು.

`10.20.16.0/20` ಅನ್ನು ನೋಡೋಣ. ಮೊದಲ 16 ಬಿಟ್ 10 ಮತ್ತು 20ಕ್ಕೆ ಹೋಯಿತು, ಇಪ್ಪತ್ತಕ್ಕೆ ಇನ್ನೂ ನಾಲ್ಕು ಬಾಕಿ. ಅವು ಮೂರನೆಯ ಅಂಕಿಯ ಎಡ ಅರ್ಧ. 16 ಎಂಬುದನ್ನು ಎಂಟು ಬಿಟ್‌ನಲ್ಲಿ ಬರೆದರೆ 0001 0000. ಎಡಗಡೆಯ 0001 ಸ್ಥಿರ, ಬಲಗಡೆಯ ನಾಲ್ಕು ಬಿಟ್ 0000ದಿಂದ 1111ರವರೆಗೆ ಓಡಬಹುದು, ಅಂದರೆ ಮೂರನೆಯ ಅಂಕಿ 16ರಿಂದ 31ರವರೆಗೆ. ಇಡೀ ವ್ಯಾಪ್ತಿ 10.20.16.0ಯಿಂದ 10.20.31.255ರವರೆಗೆ, 4,096 ವಿಳಾಸ. `/20`ಯ ಹೆಜ್ಜೆ ಹದಿನಾರರದು, ಆದ್ದರಿಂದ ಮೂರನೆಯ ಅಂಕಿ 0, 16, 32, 48 ಹೀಗೆಯೇ ಶುರುವಾಗಬೇಕು. `10.20.8.0/20` ಎಂಬ ತುಂಡೇ ಇಲ್ಲ. ಹಾಗೆ ಬರೆದರೆ ಅಮೆಜಾನ್ ತಪ್ಪೆಂದು ತಡೆಯುವುದಿಲ್ಲ, ತಾನೇ ಹಿಂದಿನ ಗಡಿಗೆ ಸರಿಸಿ `10.20.0.0/20` ಎಂದು ಓದಿಕೊಳ್ಳುತ್ತದೆ. ಅಲ್ಲಿ ಆಗಲೇ ಬೇರೆ ಸಬ್‌ನೆಟ್ ಇದ್ದರೆ `InvalidSubnet.Conflict` ಎಂಬ ದೋಷ ಬರುತ್ತದೆ, ಎಂಟರಿಂದ ಶುರು ಮಾಡಿದ್ದು ಸೊನ್ನೆಯವರ ಜೊತೆ ಏಕೆ ಘರ್ಷಿಸಿತು ಎಂದು ತಿಳಿಯದೆ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಪೈಥಾನ್‌ನ ಜೊತೆಗೇ ಬರುವ ಒಂದು ಸಣ್ಣ ಸಾಧನ ಈ ವಿಷಯದಲ್ಲಿ ಹೆಚ್ಚು ನಿಷ್ಠುರ:

```
>>> import ipaddress
>>> n = ipaddress.ip_network("10.20.16.0/20")
>>> n.num_addresses
4096
>>> print(n[0], n[-1])
10.20.16.0 10.20.31.255
>>> ipaddress.ip_network("10.20.8.0/20")
ValueError: 10.20.8.0/20 has host bits set
```

ಕೊನೆಯ ಸಾಲು ಹೇಳುವುದಿಷ್ಟೇ: ಬದಲಾಗಬೇಕಾದ ಬಿಟ್‌ಗಳ ಜಾಗದಲ್ಲಿ ನೀವು ಒಂದನ್ನು ಇಟ್ಟಿದ್ದೀರಿ, ಆರಂಭ ಗಡಿಯ ಮೇಲಿಲ್ಲ.

ಈಗ ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. ಕಚೇರಿ ಹುಬ್ಬಳ್ಳಿಯಲ್ಲಿದೆ, ಅಲ್ಲಿನ ನೆಟ್‌ವರ್ಕ್ `192.168.10.0/24`. ಬೆಂಗಳೂರಿನಲ್ಲಿ ಬಾಡಿಗೆಗೆ ಪಡೆದ ಹಳೆಯ ಸರ್ವರ್ ಕೋಣೆಯೊಂದಿದೆ, ಅದು `10.10.0.0/16`. ಈಗ ಅಮೆಜಾನ್‌ನ ಮುಂಬೈ ಕೇಂದ್ರದಲ್ಲಿ ಹೊಸ ನೆಟ್‌ವರ್ಕ್ ಬೇಕಾಗಿದೆ. ಖಾಸಗಿ ಬಳಕೆಗೆಂದು 1996ರಲ್ಲಿ ಗೊತ್ತುಮಾಡಿದ ವ್ಯಾಪ್ತಿಗಳು ಮೂರು: `10.0.0.0/8`, `172.16.0.0/12`, `192.168.0.0/16`. ಯಾರು ಬೇಕಾದರೂ ಕೇಳದೆಯೇ ಬಳಸಬಹುದಾದ್ದರಿಂದ ಎಲ್ಲರೂ ಇವನ್ನೇ ಬಳಸುತ್ತಾರೆ, ಘರ್ಷಣೆಯ ಮೂಲವೂ ಅದೇ.

ಮೂರರಲ್ಲಿ ಕೊನೆಯದನ್ನು ನಾನು ಕ್ಲೌಡ್‌ಗೆ ಬೇಡ ಎನ್ನುತ್ತೇನೆ. ಮನೆಯ ವೈಫೈ ಪೆಟ್ಟಿಗೆಗಳಲ್ಲಿ ಬಹುಪಾಲು `192.168.1.0/24` ಅಥವಾ `192.168.0.0/24` ಇಟ್ಟುಕೊಂಡೇ ಬರುತ್ತವೆ. ಕ್ಲೌಡ್‌ಗೆ `192.168.0.0/16` ಕೊಟ್ಟು, ಅದರೊಳಗೆ 192.168.1.50ರಲ್ಲಿ ಒಂದು ಸರ್ವರ್ ಇದೆ ಎಂದುಕೊಳ್ಳಿ. ನೌಕರರೊಬ್ಬರು ಮನೆಯಿಂದ ವಿಪಿಎನ್ ಮೂಲಕ ಅದನ್ನು ತಲುಪಲು ನೋಡುತ್ತಾರೆ. ಅವರ ಲ್ಯಾಪ್‌ಟಾಪ್‌ಗೆ ಎರಡು ದಾರಿ ಗೊತ್ತು: ವಿಪಿಎನ್ ಹೇಳಿದ `/16`, ಮನೆಯ ವೈಫೈ ಹೇಳಿದ `/24`. ಎರಡೂ ಹೊಂದುವಾಗ ಸ್ಲ್ಯಾಶ್‌ನ ಅಂಕಿ ದೊಡ್ಡದಿರುವ, ಅಂದರೆ ಹೆಚ್ಚು ನಿಖರವಾದ ದಾರಿಯೇ ಗೆಲ್ಲುತ್ತದೆ. ಪ್ಯಾಕೆಟ್ ಮನೆಯೊಳಗೇ ಅಲೆದು ಸಾಯುತ್ತದೆ. ಇದನ್ನು ಗುರುತಿಸುವುದು ಸುಲಭ: ಕಚೇರಿಯಿಂದ ಸರಿ, ಮೊಬೈಲ್ ಹಾಟ್‌ಸ್ಪಾಟ್‌ನಿಂದಲೂ ಸರಿ, ಮನೆಯ ವೈಫೈಯಿಂದ ಮಾತ್ರ ಸಂಪರ್ಕ ಸಿಗದೆ ಕಾಲಾವಧಿ ಮುಗಿಯುತ್ತದೆ. ನಡುವಿನ ವ್ಯಾಪ್ತಿಗೂ ಒಂದು ಎಚ್ಚರಿಕೆ ಬೇಕು. ಡಾಕರ್ ತಂತ್ರಾಂಶ ತಾನು ಕೂತ ಯಂತ್ರದೊಳಗೆ ಸಾಮಾನ್ಯವಾಗಿ `172.17.0.0/16` ಅನ್ನು ಹಿಡಿದುಕೊಳ್ಳುತ್ತದೆ.

ಹಾಗಾಗಿ ನಮ್ಮ ಕಂಪನಿಗೆ ಹತ್ತರ ಸಾಲೇ ಒಳ್ಳೆಯದು. ಅದರಲ್ಲಿ 10.0 ಎಲ್ಲರ ಕೈಗೂ ಮೊದಲು ಸಿಗುವುದು, ಅದನ್ನು ಬಿಡೋಣ. 10.10 ಬೆಂಗಳೂರಿನ ಕೋಣೆಗೆ ಹೋಗಿದೆ. `10.20.0.0/16` ತೆಗೆದುಕೊಳ್ಳೋಣ. ಇಷ್ಟೇ ಅಲ್ಲ, ಪರೀಕ್ಷೆಯ ನೆಟ್‌ವರ್ಕ್‌ಗೆ 10.21, ಮುಂದೊಂದು ದಿನ ಹೈದರಾಬಾದ್ ಕೇಂದ್ರದಲ್ಲಿ ಪ್ರತಿ ಇಡಬೇಕೆನಿಸಿದರೆ ಅದಕ್ಕೆ 10.22, ಹೆಸರಿಡದ ಅಗತ್ಯಕ್ಕೆ 10.23 ಎಂದು ಈಗಲೇ ಬರೆದಿಡೋಣ. ಇಪ್ಪತ್ತರಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. 20 ನಾಲ್ಕರ ಗುಣಕ, ಆದ್ದರಿಂದ ಈ ನಾಲ್ಕೂ ಸೇರಿ `10.20.0.0/14` ಎಂಬ ಒಂದೇ ತುಂಡಾಗುತ್ತವೆ. ಹುಬ್ಬಳ್ಳಿಯ ಫೈರ್‌ವಾಲ್‌ನಲ್ಲಿ ಒಂದೇ ಸಾಲು ಬರೆದರೆ ನಾಲ್ಕೂ ನೆಟ್‌ವರ್ಕ್‌ಗೆ ಸಾಕು, ಇನ್ನೂ ಕಟ್ಟದಿರುವುದಕ್ಕೂ ಸೇರಿ. ಅದರ ಬದಲು 21ರಿಂದ 24ರವರೆಗೆ ಆರಿಸಿದ್ದರೆ ಸಂಖ್ಯೆ ನಾಲ್ಕೇ ಆದರೂ ಮಡಿಕೆ ದಾಟಿದಂತಾಗಿ `10.21.0.0/16`, `10.22.0.0/15`, `10.24.0.0/16` ಎಂದು ಮೂರು ಸಾಲು ಬೇಕಾಗುತ್ತಿತ್ತು.

ಇನ್ನು ಒಳಗಿನ ಹಂಚಿಕೆ. ಮುಂಬೈ ಕೇಂದ್ರದಲ್ಲಿ ಒಂದಕ್ಕೊಂದು ಸ್ವತಂತ್ರವಾಗಿ ನಡೆಯುವ ಮೂರು ವಲಯಗಳಿವೆ, ಒಂದು ಕೆಟ್ಟರೂ ಉಳಿದೆರಡು ನಡೆಯಲಿ ಎಂದು. ಒಂದು ಸಬ್‌ನೆಟ್ ಒಂದೇ ವಲಯದಲ್ಲಿರಬೇಕು. ಆದ್ದರಿಂದ ಮೊದಲು `/16` ಅನ್ನು ನಾಲ್ಕು `/18` ಮಾಡುತ್ತೇವೆ. ಮೂರು ವಲಯಕ್ಕೆ ಮೂರು, ನಾಲ್ಕನೆಯದು ಖಾಲಿ. ವಲಯ ಮೂರೇ ಇದ್ದರೂ ನಾಲ್ಕಾಗಿ ಒಡೆಯಬೇಕು, ಏಕೆಂದರೆ ಎರಡರ ಘಾತಗಳಲ್ಲಿ ಮೂರು ಇಲ್ಲ. ಉಳಿದ ಕಾಲು ಭಾಗ ವ್ಯರ್ಥ ಎನ್ನುವವರಿದ್ದಾರೆ, ನನ್ನ ಅಭಿಪ್ರಾಯದಲ್ಲಿ ಯೋಜನೆಯ ಅತ್ಯಂತ ಉಪಯುಕ್ತ ಭಾಗವೇ ಅದು.

ಒಂದೊಂದು `/18`ರೊಳಗೆ ನಾಲ್ಕು `/20` ಬರುತ್ತವೆ. ಮೊದಲನೆಯದು ಅಪ್ಲಿಕೇಶನ್ ಸರ್ವರ್‌ಗಳಿಗೆ, ಎರಡನೆಯದು ಅವು ಬೆಳೆದರೆ ಬೇಕೆಂದು ಮೀಸಲು, ಮೂರನೆಯದು ಹೊರಜಗತ್ತಿಗೆ ಮುಖ ಮಾಡಿದ ಲೋಡ್ ಬ್ಯಾಲೆನ್ಸರ್‌ನಂಥವಕ್ಕೆ, ನಾಲ್ಕನೆಯದು ಡೇಟಾಬೇಸ್‌ಗೆ. ಕೊನೆಯ ಎರಡಕ್ಕೆ ಈಗ ಅಷ್ಟು ಜಾಗ ಬೇಡ, ಹಾಗಾಗಿ ತಲಾ ಒಂದು `/24` ಮಾತ್ರ ಕತ್ತರಿಸಿ ಉಳಿದದ್ದನ್ನು ಮುಟ್ಟದೆ ಬಿಡುತ್ತೇವೆ. ಮೊದಲ ವಲಯದ ನಕ್ಷೆ ಹೀಗಿರುತ್ತದೆ:

```
ap-south-1a   10.20.0.0/18
  app         10.20.0.0/20
  spare       10.20.16.0/20
  public      10.20.32.0/24
  db          10.20.48.0/24
```

ಎರಡನೆಯ ವಲಯಕ್ಕೆ ಮೂರನೆಯ ಅಂಕಿಗೆ 64 ಕೂಡಿಸಿದರೆ ಆಯಿತು: ಅಪ್ಲಿಕೇಶನ್ 64ರಿಂದ, ಡೇಟಾಬೇಸ್ 112ರಿಂದ. ಮೂರನೆಯದಕ್ಕೆ ಇನ್ನೊಂದು 64. ಲಾಗ್‌ನಲ್ಲಿ 10.20.112.9 ಎಂಬ ವಿಳಾಸ ಕಂಡ ಕೂಡಲೇ ಇದು ಎರಡನೆಯ ವಲಯದ ಡೇಟಾಬೇಸ್ ಎಂದು ಪಟ್ಟಿ ತೆರೆಯದೆಯೇ ಹೇಳಬಹುದು.

ಅಪ್ಲಿಕೇಶನ್‌ನ ಮೀಸಲು ಜಾಗವನ್ನು ಪಕ್ಕದಲ್ಲೇ ಇಟ್ಟದ್ದನ್ನು ಗಮನಿಸಿ. 0ಯಿಂದ ಶುರುವಾಗುವ `/20`, 16ರಿಂದ ಶುರುವಾಗುವ `/20` ಎರಡೂ ಸೇರಿ `10.20.0.0/19`. ಡೇಟಾಬೇಸ್‌ಗೆ ಯಾರು ಮಾತನಾಡಬಹುದು ಎಂಬ ನಿಯಮದಲ್ಲಿ ಮೊದಲಿನಿಂದಲೇ ಆ `/19` ಬರೆದಿಟ್ಟರೆ, ಮುಂದೆ ಮೀಸಲು ಜಾಗದಲ್ಲಿ ಹೊಸ ಸಬ್‌ನೆಟ್ ಎದ್ದಾಗ ನಿಯಮ ಮುಟ್ಟಬೇಕಿಲ್ಲ. 16 ಮತ್ತು 32ರ ತುಂಡುಗಳು ಪಕ್ಕಪಕ್ಕದಲ್ಲಿದ್ದರೂ ಹೀಗೆ ಸೇರಲಾರವು. `/19`ರ ಹೆಜ್ಜೆ 32, ಅದು 16ರಿಂದ ಶುರುವಾಗುವಂತಿಲ್ಲ.

ಅಪ್ಲಿಕೇಶನ್‌ಗೆ ನಾಲ್ಕು ಸಾವಿರ ವಿಳಾಸ ಅತಿಯಾಯಿತೆಂದು ಅನ್ನಿಸಬಹುದು. ಹತ್ತು ಸರ್ವರ್‌ಗಳಿಗೆ ಒಂದು `/24`ರ 256 ಸಾಲದೇ? ಮೊದಲ ಮಾತು, 256 ಪೂರ್ತಿ ಸಿಗುವುದಿಲ್ಲ. ಅಮೆಜಾನ್ ಪ್ರತಿ ಸಬ್‌ನೆಟ್‌ನಲ್ಲೂ ಐದು ವಿಳಾಸ ತಾನಿಟ್ಟುಕೊಳ್ಳುತ್ತದೆ: ಮೊದಲನೆಯದು ನೆಟ್‌ವರ್ಕ್‌ನ ಹೆಸರಿಗೆ, ಎರಡನೆಯದು ರೌಟರ್‌ಗೆ, ಮೂರನೆಯದು ಡಿಎನ್‌ಎಸ್‌ಗೆ, ನಾಲ್ಕನೆಯದು ಮುಂದಿನ ಬಳಕೆಗೆ, ಕಟ್ಟಕಡೆಯದು ಬ್ರಾಡ್‌ಕಾಸ್ಟ್ ವಿಳಾಸವೆಂದು. `/24`ರಲ್ಲಿ ಐದು ಹೋದರೆ 251, ಅದೇನೂ ದೊಡ್ಡ ನಷ್ಟವಲ್ಲ. ಆದರೆ ಅಲ್ಲಿನ ಅತಿ ಸಣ್ಣ ಗಾತ್ರವಾದ `/28`ರಲ್ಲಿ ಹದಿನಾರಕ್ಕೆ ಐದು ಹೋಗಿ ಉಳಿಯುವುದು ಹನ್ನೊಂದೇ.

ಎರಡನೆಯದು ಹೆಚ್ಚು ಮುಖ್ಯ. ಇಂದು ಅಪ್ಲಿಕೇಶನ್‌ಗಳು ಹೆಚ್ಚಾಗಿ ಓಡುವುದು ಕುಬರ್ನೆಟಿಸ್ ಮೇಲೆ. ಅಮೆಜಾನ್‌ನ ಕುಬರ್ನೆಟಿಸ್‌ನಲ್ಲಿ, ಬೇರೆ ವ್ಯವಸ್ಥೆ ಮಾಡದಿದ್ದರೆ, ಯಂತ್ರಕ್ಕೆ ಮಾತ್ರವಲ್ಲದೆ ಅದರೊಳಗಿನ ಒಂದೊಂದು ಪಾಡ್‌ಗೂ ಸಬ್‌ನೆಟ್‌ನಿಂದಲೇ ಒಂದು ವಿಳಾಸ ಹೋಗುತ್ತದೆ. `m5.large` ಎಂಬ ಸಾಧಾರಣ ಗಾತ್ರದ ಯಂತ್ರವನ್ನೇ ತೆಗೆದುಕೊಳ್ಳಿ. ಅದಕ್ಕೆ ಮೂರು ನೆಟ್‌ವರ್ಕ್ ಕೊಂಡಿ ಹಾಕಬಹುದು, ಒಂದೊಂದು ಕೊಂಡಿಗೂ ಹತ್ತು ವಿಳಾಸ, ಒಟ್ಟು ಮೂವತ್ತು. ಇಂಥ ಎಂಟು ಯಂತ್ರ ತುಂಬಿ ಓಡಿದರೆ 240. `/24`ರಲ್ಲಿ ಉಳಿದದ್ದು ಹನ್ನೊಂದು, ಒಂಬತ್ತನೆಯ ಯಂತ್ರಕ್ಕೆ ಬೇಕಾದದ್ದು ಮೂವತ್ತು. ಅದೂ ಅಲ್ಲದೆ, ಹೊಸ ಪಾಡ್ ಬೇಗ ಶುರುವಾಗಲೆಂದು ಒಂದಿಷ್ಟು ವಿಳಾಸಗಳನ್ನು ಯಂತ್ರ ಮುಂಚಿತವಾಗಿ ತೆಗೆದಿಟ್ಟುಕೊಂಡಿರುತ್ತದೆ, ಆದ್ದರಿಂದ ಪಾಡ್‌ಗಳನ್ನು ಎಣಿಸಿದರೆ ಬರುವ ಸಂಖ್ಯೆಗಿಂತ ಖರ್ಚಾದದ್ದು ಹೆಚ್ಚೇ ಇರುತ್ತದೆ. ಹೊಸ ಆವೃತ್ತಿ ಹಾಕುವ ಹೊತ್ತಿನಲ್ಲಿ ಹಳೆಯವು ಇಳಿಯುವ ಮುಂಚೆ ಹೊಸವು ಏಳುತ್ತವೆ, ಆಗ ಬೇಡಿಕೆ ಇನ್ನೂ ಏರುತ್ತದೆ.

ವಿಳಾಸ ಮುಗಿದದ್ದು ನೇರವಾಗಿ ತಿಳಿಯುವುದು ಕಡಿಮೆ. ಪಾಡ್‌ಗಳು `ContainerCreating` ಎಂಬಲ್ಲೇ ನಿಂತುಬಿಡುತ್ತವೆ, ವಿವರ ತೆಗೆದು ನೋಡಿದರೆ `failed to assign an IP address to container` ಎಂದಿರುತ್ತದೆ. ಯಂತ್ರವನ್ನೇ ಎಬ್ಬಿಸಲು ಹೋದರೆ `InsufficientFreeAddressesInSubnet`. ಸಿಪಿಯು, ಮೆಮೊರಿ ಎಲ್ಲವೂ ಧಾರಾಳವಾಗಿದ್ದೂ ಹೀಗಾಗುವುದರಿಂದ ಜನ ಮೊದಲು ಬೇರೆ ಕಡೆ ಹುಡುಕುತ್ತಾರೆ. ಸಬ್‌ನೆಟ್‌ಗಳ ಪಟ್ಟಿಯಲ್ಲಿ `Available IPv4 addresses` ಎಂಬ ಕಾಲಂ ಇದೆ, ಅದನ್ನು ಆಗಾಗ ನೋಡುತ್ತಿದ್ದರೆ ಈ ದಿನ ಬರುವುದು ತಿಂಗಳುಗಳ ಮುಂಚೆಯೇ ಕಾಣುತ್ತದೆ. ಅಮೆಜಾನ್‌ನಲ್ಲಿ ಸಬ್‌ನೆಟ್‌ನ ಗಾತ್ರವನ್ನು ಆಮೇಲೆ ಬದಲಿಸಲು ಬರುವುದಿಲ್ಲ, ಹೊಸದನ್ನೇ ಕತ್ತರಿಸಬೇಕು. ಗೂಗಲ್ ಕ್ಲೌಡ್‌ನಲ್ಲಿ ಇದ್ದದ್ದನ್ನು ಹಿಗ್ಗಿಸಬಹುದು, ಕುಗ್ಗಿಸಲಾಗದು. ಹಿಗ್ಗಿಸಲಾದರೂ ಪಕ್ಕದ ಜಾಗ ಖಾಲಿ ಇರಬೇಕಲ್ಲವೇ? ನಮ್ಮ `/20`ಯಲ್ಲಿ ಬಳಕೆಗೆ ಸಿಗುವುದು 4,091, ಮೂವತ್ತರಂತೆ ತುಂಬಿ ಓಡುವ 136 ಯಂತ್ರಗಳಿಗೆ ಸಾಕು. ಅದೂ ಮುಗಿದರೆ ಮೀಸಲು ಪಕ್ಕದಲ್ಲೇ ಇದೆ.

ಲೋಡ್ ಬ್ಯಾಲೆನ್ಸರ್‌ನ ಕಡೆ ಇಂಥ ಭಯವಿಲ್ಲ. ಅಮೆಜಾನ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್‌ಗೆ ಸಬ್‌ನೆಟ್ ಕನಿಷ್ಠ `/27` ಇರಬೇಕು, ಅದರಲ್ಲಿ ಎಂಟು ವಿಳಾಸವಾದರೂ ಖಾಲಿ ಇರಬೇಕು. ನಾವು ಕೊಟ್ಟ `/24` ಅದಕ್ಕೆ ಧಾರಾಳ. ಡೇಟಾಬೇಸ್‌ಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಅಲ್ಲೂ ಹಾಗೆಯೇ.

ಯಾವುದನ್ನೂ ತೆರೆಯುವ ಮುಂಚೆ ಮಾಡಬೇಕಾದ ಕೊನೆಯ ಕೆಲಸ ಒಂದೇ: ಹೊಸ ವ್ಯಾಪ್ತಿ ಈಗಿರುವ ಯಾವುದರ ಮೇಲೂ ಬೀಳುತ್ತಿಲ್ಲವೇ ಎಂದು ಪರೀಕ್ಷಿಸುವುದು. ಕಣ್ಣಳತೆಯಲ್ಲಿ ಇದು ತಪ್ಪುವುದು ಸುಲಭ. `10.20.0.0/14`ರ ಜೊತೆ `10.23.200.0/24` ಇಟ್ಟು ನೋಡಿದರೆ ಎರಡಕ್ಕೂ ಸಂಬಂಧವಿಲ್ಲ ಎನ್ನಿಸುತ್ತದೆ, ಆದರೆ ಎರಡನೆಯದು ಮೊದಲನೆಯದರ ಹೊಟ್ಟೆಯೊಳಗೇ ಇದೆ.

```
>>> a = ipaddress.ip_network("10.20.0.0/14")
>>> b = ipaddress.ip_network("10.23.200.0/24")
>>> a.overlaps(b)
True
```

ಈ ಪರೀಕ್ಷೆಗೆ ಪೂರ್ತಿ ಪಟ್ಟಿ ಬೇಕು: ಕಚೇರಿಗಳು, ಹಳೆಯ ಸರ್ವರ್ ಕೋಣೆ, ವಿಪಿಎನ್ ಬಳಕೆದಾರರಿಗೆ ಹಂಚುವ ವಿಳಾಸಗಳು, ಬೇರೆ ತಂಡಗಳ ಕ್ಲೌಡ್ ಖಾತೆಗಳು, ನಿಮ್ಮ ಜೊತೆ ನೇರ ಕೊಂಡಿ ಇಟ್ಟುಕೊಂಡ ಬ್ಯಾಂಕ್ ಅಥವಾ ಪೂರೈಕೆದಾರರ ವ್ಯಾಪ್ತಿ. ಬಹಳಷ್ಟು ಕಡೆ ಈ ಪಟ್ಟಿ ಒಬ್ಬರ ತಲೆಯೊಳಗೆ ಮಾತ್ರ ಇರುತ್ತದೆ. ನಿಮ್ಮಲ್ಲೂ ಹಾಗಿದ್ದರೆ ಮುಂದಿನ ನೆಟ್‌ವರ್ಕ್ ಕಟ್ಟುವ ಮುಂಚೆ ಅವರ ಜೊತೆ ಕೂತು ಅದನ್ನು ಎಲ್ಲರೂ ತೆರೆಯಬಹುದಾದ ಒಂದು ಕಡತಕ್ಕೆ ಇಳಿಸಿ. ವ್ಯಾಪ್ತಿ, ಅದು ಯಾರದು, ಯಾವ ಕೆಲಸಕ್ಕೆ, ಕೊಟ್ಟ ದಿನಾಂಕ, ಈ ನಾಲ್ಕು ಕಾಲಂ ಇದ್ದರೆ ಸಾಕು. ಮೀಸಲು ಎಂದು ಬಿಟ್ಟದ್ದಕ್ಕೂ ಅದರಲ್ಲಿ ಒಂದು ಸಾಲು ಇರಲಿ, ಇಲ್ಲದಿದ್ದರೆ ಖಾಲಿ ಕಂಡ ಜಾಗವನ್ನು ಇನ್ನೊಬ್ಬರು ತೆಗೆದುಕೊಂಡುಬಿಡುತ್ತಾರೆ.